‘ಗೊತ್ತಿರಲಿಲ್ಲ’ ಎಂಬ ಮಾತು ಕೋರ್ಟಿನಲ್ಲಿ ಯಾವಾಗ ನಿಲ್ಲುತ್ತದೆ?

ಚಿಕ್ಕಮಗಳೂರು, ಹಾಸನದ ಕೋರ್ಟುಗಳಲ್ಲಿ ಆರೋಪಿಗಳ ಬಾಯಿಂದ ಅತಿ ಹೆಚ್ಚು ಕೇಳಿಬರುವ ಮಾತು ‘ಸ್ವಾಮಿ, ನನಗೆ ಗೊತ್ತಿರಲಿಲ್ಲ’ ಎಂಬುದು. ಅದರಲ್ಲಿ ಎಷ್ಟೋ ಸಲ ಸತ್ಯವೂ ಇರುತ್ತದೆ. ಆದರೆ ಏನು ಗೊತ್ತಿರಲಿಲ್ಲ ಎಂದು ಬಿಡಿಸಿ ಹೇಳದ ಕಾರಣಕ್ಕೇ ಒಳ್ಳೆಯ ರಕ್ಷಣೆಗಳು ಕೈತಪ್ಪುವುದನ್ನು ನೋಡಿದ್ದೇನೆ. ರಕ್ಷಣೆಯೇ ಇಲ್ಲದವರು ಇದೊಂದೇ ಮಾತನ್ನು ನಂಬಿ ವರ್ಷಗಟ್ಟಲೆ ಅಲೆಯುವುದನ್ನೂ ನೋಡಿದ್ದೇನೆ. ಈ ಮಾತನ್ನು ಪರೀಕ್ಷಿಸುವ ಕ್ರಮವೊಂದಿದೆ. ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಅದರ ಮೂಲಕವೇ ಆ ಕ್ರಮವನ್ನು ಹೇಳುತ್ತೇನೆ.

ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರ ಎಂದುಕೊಳ್ಳೋಣ. ತೋಟದ ಕೆಳಗಿನ ಗದ್ದೆಗೆ ಕಾಡುಹಂದಿಗಳ ಕಾಟ. ರಾತ್ರಿ ಕೋವಿ ಹಿಡಿದು ಕಾಯುತ್ತಿದ್ದಾಗ ಪೊದೆ ಅಲುಗಾಡಿತು, ಗುಂಡು ಹಾರಿಸಿದ. ಬಿದ್ದದ್ದು ಹಂದಿಯಲ್ಲ, ಲೈನ್ ಮನೆಗೆ ಹೊರಟಿದ್ದ ಕೂಲಿ ಕಾರ್ಮಿಕ. ‘ಮನುಷ್ಯ ಎಂದು ಗೊತ್ತಿರಲಿಲ್ಲ’ ಎನ್ನುತ್ತಾನೆ ಬೆಳೆಗಾರ.

ಮೊದಲ ಹೆಜ್ಜೆ: ನಂಬಿದ್ದನ್ನು ವಾಕ್ಯ ಮಾಡಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು, ಆ ಕ್ಷಣದಲ್ಲಿ ಆರೋಪಿ ಏನನ್ನು ನಿಜವೆಂದು ನಂಬಿದ್ದ ಎಂದು ಬರೆಯಿರಿ. ‘ಗೊತ್ತಿರಲಿಲ್ಲ’ ಎಂಬ ಪದವನ್ನು ಬಳಸಬೇಡಿ. ನಮ್ಮ ಬೆಳೆಗಾರನ ವಾಕ್ಯ: ‘ಪೊದೆಯಲ್ಲಿರುವುದು ಕಾಡುಹಂದಿ ಎಂದು ನಂಬಿದ್ದೆ.’

ಎರಡನೆಯ ಹೆಜ್ಜೆ: ಸಂಗತಿಯೋ, ಕಾನೂನೋ

ಕಣ್ಣು, ಕಿವಿ ಅಥವಾ ವಿಚಾರಣೆಯಿಂದ ತಿಳಿಯಬಹುದಾದದ್ದು ಸಂಗತಿ. ಪೊದೆಯಲ್ಲಿ ಇರುವುದು ಏನು, ಈ ಚೀಲ ಯಾರದು, ವಾರಂಟಿನಲ್ಲಿ ಹೆಸರಿರುವ ವ್ಯಕ್ತಿ ಇವನೇ ಹೌದೋ ಎಂಬಂಥವು. ಆ ಕೆಲಸಕ್ಕೆ ಅನುಮತಿ ಬೇಕೋ ಬೇಡವೋ, ಅದು ಅಪರಾಧವೋ ಅಲ್ಲವೋ ಎಂಬುದು ಕಾನೂನು. ಭಾರತೀಯ ನ್ಯಾಯ ಸಂಹಿತೆಯ 14 ಮತ್ತು 17ನೇ ಕಲಂಗಳು ಸಂಗತಿಯ ತಪ್ಪು ತಿಳಿವಳಿಕೆಗೆ ಮಾತ್ರ ರಕ್ಷಣೆ ಕೊಡುತ್ತವೆ. ಕಾನೂನಿನ ತಪ್ಪು ತಿಳಿವಳಿಕೆಯಿಂದ ಹಾಗೆ ನಂಬಿದ್ದರೆ ರಕ್ಷಣೆಯಿಲ್ಲ ಎಂದು ಅವುಗಳಲ್ಲೇ ಬರೆದಿದೆ. ‘ಹೀಗೆ ಮಾಡಲೇಬೇಕೆಂದು ಕಾನೂನು ನನ್ನನ್ನು ಕಟ್ಟಿಹಾಕಿದೆ’ ಎಂದು ನಂಬಿದವನಿಗೆ 14, ‘ಹೀಗೆ ಮಾಡಲು ಕಾನೂನಿನ ಸಮರ್ಥನೆಯಿದೆ’ ಎಂದು ನಂಬಿದವನಿಗೆ 17. ಹಳೆಯ ದಂಡ ಸಂಹಿತೆಯಲ್ಲಿ ಇವು 76 ಮತ್ತು 79 ಆಗಿದ್ದವು. 2024ರ ಜುಲೈ 1ಕ್ಕೆ ಮುಂಚೆ ನಡೆದ ಘಟನೆಗೆ ಇಂದಿಗೂ ಆ ಹಳೆಯ ಸಂಖ್ಯೆಗಳೇ. ಹಳೆಯದು, ಹೊಸದು ಎರಡನ್ನೂ ಕಲಸಿ ಅಚ್ಚು ಹಾಕಿರುವ ಅಗ್ಗದ ಕೈಪಿಡಿಗಳನ್ನು ನೋಡಿ ಅರ್ಜಿ ಬರೆಯಬೇಡಿ. ತಪ್ಪು ಕಲಂ ಹಾಕಿದ ಅರ್ಜಿಯನ್ನು ತಿದ್ದುವುದಕ್ಕೇ ಒಂದು ವಾಯಿದೆ ಹೋಗುತ್ತದೆ.

ಕಾನೂನು ತಿಳಿಯದವನ ಬಗ್ಗೆ ನ್ಯಾಯಾಲಯ ಎಷ್ಟು ಬಿಗಿ ಎಂಬುದಕ್ಕೆ ಮೇಯರ್ ಹ್ಯಾನ್ಸ್ ಜಾರ್ಜ್ ಪ್ರಕರಣ ಸಾಕು. ಜ್ಯೂರಿಚ್‌ನಿಂದ ಮನಿಲಾಕ್ಕೆ ಹೊರಟಿದ್ದ ಆ ಪ್ರಯಾಣಿಕನ ವಿಮಾನ 1962ರ ನವೆಂಬರ್ 28ರಂದು ಬೊಂಬಾಯಿಯಲ್ಲಿ ನಿಂತಾಗ, ಅವನ ಮೈಮೇಲಿನ ಜಾಕೆಟ್ಟಿನೊಳಗೆ 34 ಕಿಲೋ ಚಿನ್ನ ಸಿಕ್ಕಿತು. ಹಾಗೆ ಹಾದುಹೋಗುವ ಚಿನ್ನವನ್ನೂ ಘೋಷಿಸಬೇಕೆಂಬ ಅಧಿಸೂಚನೆ ಗೆಜೆಟ್ಟಿನಲ್ಲಿ ಪ್ರಕಟವಾಗಿದ್ದು ಅದೇ ತಿಂಗಳ 24ಕ್ಕೆ. ನಾಲ್ಕು ದಿನದ ಹಿಂದಿನ ಆದೇಶ ವಿದೇಶದಲ್ಲಿದ್ದವನಿಗೆ ತಿಳಿಯುವುದಾದರೂ ಹೇಗೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಬಹುಮತದಿಂದ ತಳ್ಳಿಹಾಕಿತು. ನಮ್ಮ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದವರು ‘ಆ ಕಾಯ್ದೆ ಗೊತ್ತಿರಲಿಲ್ಲ’ ಎಂದರೆ ಅದಕ್ಕಿಂತ ಹೆಚ್ಚು ಕಿವಿಗೊಡುತ್ತಾರೆಂದು ನಿರೀಕ್ಷಿಸಬೇಡಿ. ಶಿಕ್ಷೆಯ ಪ್ರಮಾಣ ನಿಗದಿಯಾಗುವಾಗ ಆ ಮಾತು ಸ್ವಲ್ಪ ಉಪಯೋಗಕ್ಕೆ ಬರಬಹುದು, ಬಿಡುಗಡೆಗೆ ಬರುವುದಿಲ್ಲ.

ಬೆಳೆಗಾರನ ವಾಕ್ಯ ಸಂಗತಿಗೆ ಸೇರಿದ್ದು. ಇಲ್ಲಿಗೆ ಗೆದ್ದೆವು ಎಂದುಕೊಂಡು ಹೆಚ್ಚಿನವರು ನಿಂತುಬಿಡುತ್ತಾರೆ.

ಮೂರನೆಯ ಹೆಜ್ಜೆ: ನಂಬಿದ್ದೇ ನಿಜವಾಗಿದ್ದರೆ?

ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ತಪ್ಪು ತಿಳಿದಿದ್ದ ಎಂದಷ್ಟೇ ತೋರಿಸಿದರೆ 17ನೇ ಕಲಂ ಯಾರನ್ನೂ ಬಿಡುವುದಿಲ್ಲ. ಅವನು ನಂಬಿದ್ದು ನಿಜವೇ ಆಗಿದ್ದರೆ ಅವನ ಕೆಲಸಕ್ಕೆ ಕಾನೂನಿನ ಸಮರ್ಥನೆ ಇರುತ್ತಿತ್ತೇ ಎಂದು ಅದು ಕೇಳುತ್ತದೆ. ಆದ್ದರಿಂದ ಮೊದಲ ವಾಕ್ಯದ ಕೆಳಗೆ ಇನ್ನೊಂದು ವಾಕ್ಯ ಬರೆಯಿರಿ: ‘ಪೊದೆಯಲ್ಲಿ ನಿಜವಾಗಿಯೂ ಹಂದಿಯೇ ಇದ್ದಿದ್ದರೆ ಗುಂಡು ಹಾರಿಸಬಹುದಿತ್ತೇ?’

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೆಳೆ ತಿನ್ನುತ್ತಿದ್ದರೂ ಅಧಿಕಾರವುಳ್ಳವರ ಲಿಖಿತ ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ಮೈಮೇಲೆ ಎರಗಿದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಕೊಂದರೆ ಮಾತು ಬೇರೆ, ಅದಕ್ಕೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ನಮ್ಮ ಬೆಳೆಗಾರನ ಬಳಿ ಅನುಮತಿ ಪತ್ರವಿಲ್ಲ, ಹಂದಿ ಅವನ ಮೇಲೆ ಎರಗಿಯೂ ಇರಲಿಲ್ಲ. ಕೋವಿಗೆ ಲೈಸೆನ್ಸ್ ಇದೆ ಎಂದರೆ ಕೋವಿ ಇಟ್ಟುಕೊಳ್ಳಬಹುದು ಎಂದಷ್ಟೇ ಅರ್ಥ. ಅಂದರೆ, ಅವನು ನಂಬಿದ್ದು ನಿಜವಾಗಿದ್ದರೂ ಅದು ಅಪರಾಧವೇ. ‘ಬೆಳೆ ತಿನ್ನುವ ಹಂದಿಯನ್ನು ಹೊಡೆಯಬಹುದು ಎಂದುಕೊಂಡಿದ್ದೆ’ ಎಂದು ಸೇರಿಸಿದರೆ ಆ ಎರಡನೆಯ ನಂಬಿಕೆ ಕಾನೂನಿಗೆ ಸೇರಿದ್ದು, ಅದರಿಂದ ಪ್ರಯೋಜನವಿಲ್ಲ. 17ನೇ ಕಲಂ ಇಲ್ಲಿಗೆ ಮುಚ್ಚಿತು.

ಹಾಗೆಂದು ಅವನು ಕೊಲೆಗಾರನಾಗಲಿಲ್ಲ. ಈ ವ್ಯತ್ಯಾಸವನ್ನು ವಕೀಲರೂ ಕೆಲವೊಮ್ಮೆ ಕಲಸುತ್ತಾರೆ. ಹಂದಿ ಎಂದು ಮನಃಪೂರ್ವಕವಾಗಿ ನಂಬಿದವನಿಗೆ ಮನುಷ್ಯನನ್ನು ಕೊಲ್ಲುವ ಉದ್ದೇಶವೇ ಇರಲಿಲ್ಲ. ಆದ್ದರಿಂದ ಕೊಲೆಯ ಆರೋಪಕ್ಕೆ ಬೇಕಾದ ಮನಸ್ಸು ಸಿಗುವುದಿಲ್ಲ. ಉಳಿಯುವುದು ಸಾಮಾನ್ಯವಾಗಿ ನಿರ್ಲಕ್ಷ್ಯದಿಂದ ಸಾವು ತಂದ ಆರೋಪ, ಸಂಹಿತೆಯ 106ನೇ ಕಲಂ, ಐದು ವರ್ಷದವರೆಗಿನ ಜೈಲು ಮತ್ತು ದಂಡ. ಜನ ಓಡಾಡುವ ದಾರಿ ಎಂದು ಚೆನ್ನಾಗಿ ಗೊತ್ತಿದ್ದೂ ಗುಂಡು ಹಾರಿಸಿದ್ದರೆ ಪ್ರಾಸಿಕ್ಯೂಷನ್ ಅದಕ್ಕಿಂತ ಭಾರವಾದ ಕಲಮನ್ನೇ ಒತ್ತಿ ಹಿಡಿಯುತ್ತದೆ. ವನ್ಯಜೀವಿ ಕಾಯ್ದೆ, ಶಸ್ತ್ರಾಸ್ತ್ರ ಕಾಯ್ದೆಗಳ ಪ್ರಶ್ನೆಗಳು ಬೇರೆಯಾಗಿಯೇ ಬರುತ್ತವೆ. ಒಂದೇ ತಪ್ಪು ತಿಳಿವಳಿಕೆ ಕೊಲೆಯ ಆರೋಪವನ್ನು ಕಳಚುತ್ತದೆ, ಪೂರ್ತಿ ಬಿಡುಗಡೆಯನ್ನು ಕೊಡುವುದಿಲ್ಲ.

ಇದನ್ನು ಒಡಿಶಾದ ರಾಮ್ ಬಹದ್ದೂರ್ ಥಾಪಾ ಪ್ರಕರಣದ ಪಕ್ಕದಲ್ಲಿಟ್ಟು ನೋಡಿ. ರಸಗೋವಿಂದಪುರದ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ದೆವ್ವಗಳಿವೆ ಎಂಬ ಮಾತಿತ್ತು. ರಾತ್ರಿ ದೂರದಲ್ಲಿ ಮಿಣುಕುವ ಬೆಳಕು ಕಂಡ ಥಾಪಾ ಅವು ದೆವ್ವಗಳೇ ಎಂದು ನಂಬಿ ಕುಕ್ರಿ ಬೀಸಿದ. ಅಲ್ಲಿದ್ದವರು ಲಾಟೀನು ಹಿಡಿದು ಹಿಪ್ಪೆ ಹೂವು ಆರಿಸುತ್ತಿದ್ದ ಹೆಂಗಸರು. ಒಬ್ಬಾಕೆ ಸತ್ತರು, ಬೇರೆಯವರಿಗೆ ಗಾಯಗಳಾದವು. ಒರಿಸ್ಸಾ ಹೈಕೋರ್ಟ್ ಅವನ ಬಿಡುಗಡೆಯನ್ನು ಎತ್ತಿಹಿಡಿಯಿತು. ಬೆಳೆಗಾರನಿಗೆ ಸಿಗದ ರಕ್ಷಣೆ ಅವನಿಗೆ ಏಕೆ ಸಿಕ್ಕಿತು? ಮೂರನೆಯ ಹೆಜ್ಜೆಯ ಪ್ರಶ್ನೆಯನ್ನೇ ಕೇಳಿ. ಎದುರಿಗಿದ್ದದ್ದು ನಿಜವಾಗಿ ದೆವ್ವವೇ ಆಗಿದ್ದರೆ, ದೆವ್ವದ ಮೇಲೆ ಕುಕ್ರಿ ಬೀಸುವುದನ್ನು ಯಾವ ಕಾಯ್ದೆಯೂ ನಿಷೇಧಿಸಿಲ್ಲ. ಹಂದಿಯನ್ನು ಹೊಡೆಯುವುದನ್ನು ನಿಷೇಧಿಸಿದೆ.

ಕಾಫಿ ಕಣದಲ್ಲೂ ಇದೇ ಪರೀಕ್ಷೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಕಣದಿಂದ ಚೀಲ ಹೊತ್ತು ಹೋಗುತ್ತಿದ್ದವನನ್ನು ಕಾವಲುಗಾರ ಕಳ್ಳನೆಂದು ಹಿಡಿದು, ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಿದ. ಅವನು ಮಾಲೀಕರು ಕಳುಹಿಸಿದ ಸಂಬಂಧಿಕ ಎಂದು ಆಮೇಲೆ ತಿಳಿಯಿತು. ಕಣ್ಣೆದುರು ಕಳವು ಮಾಡುವವನನ್ನು ಹಿಡಿದು ಒಪ್ಪಿಸುವ ಅಧಿಕಾರ ಸಾಮಾನ್ಯ ಮನುಷ್ಯನಿಗೂ ಇರುವುದರಿಂದ ಕಾವಲುಗಾರನಿಗೆ 17ನೇ ಕಲಮಿನ ನೆರವು ಸಿಗುತ್ತದೆ. ಅದೇ ಕಾವಲುಗಾರ ಅವನನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಬಡಿದಿದ್ದರೆ ನೆರವಿಲ್ಲ. ಅವನು ನಿಜವಾದ ಕಳ್ಳನೇ ಆಗಿದ್ದರೂ ಕಟ್ಟಿ ಹೊಡೆಯಲು ಕಾನೂನು ಬಿಡುತ್ತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಎಚ್ಚರ ವಹಿಸಿದ್ದನೇ?

ಈಗ ಬೆಳೆಗಾರನ ಕೈಯಲ್ಲಿ ಲಿಖಿತ ಅನುಮತಿ ಇತ್ತು, ಅದರ ಷರತ್ತುಗಳನ್ನೂ ಪಾಲಿಸಿದ್ದ ಎಂದುಕೊಳ್ಳಿ. ಆಗ ಮೂರನೆಯ ಹೆಜ್ಜೆ ದಾಟುತ್ತಾನೆ. ಆದರೆ ನಂಬಿಕೆ ಸದ್ಭಾವನೆಯದಾಗಿರಬೇಕು. ನಮ್ಮ ಸಂಹಿತೆಯಲ್ಲಿ ಇದಕ್ಕೆ ಒಳ್ಳೆಯ ಮನಸ್ಸು ಸಾಲದು, ತಕ್ಕಷ್ಟು ಎಚ್ಚರ ಮತ್ತು ಗಮನ ಬೇಕು. ಟಾರ್ಚ್ ಹಾಕಿ ನೋಡಿದನೇ, ‘ಯಾರದು’ ಎಂದು ಕೂಗಿದನೇ, ಲೈನ್ ಮನೆಯ ದಾರಿ ಅಲ್ಲೇ ಹಾದುಹೋಗುತ್ತದೆ ಎಂದು ತಿಳಿದಿತ್ತೇ, ಆಕಾರ ಕಂಡು ಹೊಡೆದನೇ ಅಥವಾ ಬರೀ ಸದ್ದಿಗೆ ಹೊಡೆದನೇ? ಸದ್ದಿಗೆ ಗುಂಡು ಹಾರಿಸಿದವನಿಗೆ ಈ ರಕ್ಷಣೆಯನ್ನು ನಂಬಿ ವಾದ ಹೂಡಬೇಡಿ ಎಂಬುದೇ ನನ್ನ ಸಲಹೆ. ಥಾಪಾ ಇನ್ನೂ ಹೆಚ್ಚು ಎಚ್ಚರ ವಹಿಸಬಹುದಿತ್ತು ಎಂಬ ಒಂದೇ ಕಾರಣಕ್ಕೆ ಹೈಕೋರ್ಟ್ ರಕ್ಷಣೆಯನ್ನು ನಿರಾಕರಿಸಲಿಲ್ಲ, ನಿಜ. ಆದರೆ ಆ ಜಾಗವೇ ಅವನಿಗೆ ಹೊಸದು. ಸ್ವಂತ ತೋಟದ ಪ್ರತಿ ದಾರಿಯನ್ನೂ ಬಲ್ಲವನಿಂದ ಕೋರ್ಟ್ ಹೆಚ್ಚು ಎಚ್ಚರ ಬಯಸುತ್ತದೆ.

ಐದನೆಯ ಹೆಜ್ಜೆ: ಸಾಕ್ಷ್ಯ

ರಕ್ಷಣೆಯನ್ನು ತೋರಿಸುವ ಹೊಣೆ ಆರೋಪಿಯದು. ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ, ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಗುಂಡು ಎಷ್ಟು ದೂರದಿಂದ ಬಂತೆಂದು ಹೇಳುವ ಶವಪರೀಕ್ಷೆಯ ವರದಿ, ಸ್ಥಳ ಮಹಜರಿನಲ್ಲಿ ಪೊದೆಯ ಎತ್ತರ, ಹಿಂದಿನ ದಿನಗಳಲ್ಲಿ ಅರಣ್ಯ ಇಲಾಖೆಗೆ ಕೊಟ್ಟ ಬೆಳೆಹಾನಿಯ ದೂರು, ಗಾಯಾಳುವನ್ನು ತಕ್ಷಣ ಆಸ್ಪತ್ರೆಗೆ ಸಾಗಿಸಿದ್ದು, ಇವೆಲ್ಲ ಮಾತನಾಡುತ್ತವೆ. ವಿಚಾರಣೆಯ ಕೊನೆಗೆ ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನಿಸುವಾಗ ಎಲ್ಲಕ್ಕೂ ‘ಸುಳ್ಳು’ ಎಂದು ಉತ್ತರಿಸುವ ಅಡ್ಡದಾರಿ ಇಲ್ಲಿ ಕೆಡುಕು ಮಾಡುತ್ತದೆ. ನಾನು ಅಲ್ಲಿರಲೇ ಇಲ್ಲ ಎಂದವನು, ಹಂದಿ ಎಂದು ನಂಬಿದ್ದೆ ಎಂದು ಮತ್ತೆ ಹೇಳಿದರೆ ಯಾರು ಒಪ್ಪುತ್ತಾರೆ?

ಇನ್ನೊಂದು ಕವಲು: ಹಕ್ಕಿನ ಬಗೆಗಿನ ತಪ್ಪು

ಕಳವಿನ ಆರೋಪದಲ್ಲಿ ಮಾತ್ರ ಈ ಸಂಗತಿ–ಕಾನೂನು ಗೆರೆಯನ್ನು ತುಸು ಬೇರೆಯಾಗಿ ಎಳೆಯಬೇಕು. ಕಳವಿಗೆ ಅಪ್ರಾಮಾಣಿಕ ಉದ್ದೇಶ ಬೇಕು. ಮೂಡಿಗೆರೆಯ ಕಡೆ ಒಬ್ಬ ತನ್ನ ವಿಭಾಗ ಪತ್ರವನ್ನು ತಪ್ಪಾಗಿ ಅರ್ಥ ಮಾಡಿಕೊಂಡು, ತಮ್ಮನ ಪಾಲಿನ ಸಿಲ್ವರ್ ಓಕ್ ಮರಗಳನ್ನು ತನ್ನವೆಂದು ಕಡಿಸಿದ ಎನ್ನೋಣ. ಪತ್ರದ ಅರ್ಥ ಕಾನೂನಿನ ಪ್ರಶ್ನೆ ಎಂದು ಯಾರಾದರೂ ವಾದಿಸಬಹುದು. ಹಾಗಿದ್ದರೂ ತನ್ನದೆಂದು ಪ್ರಾಮಾಣಿಕವಾಗಿ ನಂಬಿ ತೆಗೆದದ್ದು ಕಳವಲ್ಲ, ಸಂಹಿತೆಯ ಕಳವಿನ ಕಲಮಿನಲ್ಲೇ ಇಂಥ ಉದಾಹರಣೆಯಿದೆ. ಮರದ ಬೆಲೆಗೆ ಸಿವಿಲ್ ದಾವೆ ಬರಬಹುದು, ಅಷ್ಟೇ. ತಮ್ಮ ಮೊದಲೇ ತಕರಾರು ತೆಗೆದು ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿದ್ದರೆ, ಅಥವಾ ಕಡಿದದ್ದು ರಾತ್ರೋರಾತ್ರಿ ಆಗಿದ್ದರೆ, ಆ ನಂಬಿಕೆ ತೋರಿಕೆಯದೆಂದು ಕಾಣುತ್ತದೆ.

ಅದೇ ದಿನ ಅವನು ನಿಸ್ಸಂಶಯವಾಗಿ ತನ್ನದೇ ಆದ ಜಾಗದಲ್ಲಿದ್ದ ಒಂದು ಶ್ರೀಗಂಧದ ಮರವನ್ನೂ ‘ನನ್ನ ಜಮೀನು, ಯಾರ ಅನುಮತಿ ಬೇಕು’ ಎಂದು ಕಡಿಸಿದ್ದರೆ, ಆ ಮರದ ಮಟ್ಟಿಗೆ ಅವನ ತಪ್ಪು ಶುದ್ಧ ಕಾನೂನಿನ ತಪ್ಪು. ಸಿಲ್ವರ್ ಓಕ್‌ಗೆ ಹೇಳಿದ ಸಮಜಾಯಿಷಿಯನ್ನು ಅದಕ್ಕೂ ಹೇಳಿದರೆ ಅರಣ್ಯ ಮೊಕದ್ದಮೆ ಕೈಬಿಡುವುದಿಲ್ಲ. ಎರಡು ಮರಗಳಿಗೆ ಎರಡು ಬೇರೆ ಬೇರೆ ಉತ್ತರಗಳನ್ನೇ ಬರೆಯಬೇಕು.