ಪ್ರಾಜೆಕ್ಟ್ ಮುಗಿಯಿತು, ಲೆಕ್ಕ ಒಪ್ಪಿಸುವುದು ಹೇಗೆ?

ಸಾಫ್ಟ್‌ವೇರ್ ಪ್ರಾಜೆಕ್ಟ್ ಮುಗಿದಾಗ ಬರೆಯುವ ಕ್ಲೋಷರ್ ರಿಪೋರ್ಟ್ ಹೋಗುವುದು ಸ್ಪಾನ್ಸರ್ ಕೈಗೆ, ಅಂದರೆ ಹಣ ಮಂಜೂರು ಮಾಡಿಸಿದವರ ಕೈಗೆ. ಅವರು ದಿನವೂ ಜಿರಾ ಬೋರ್ಡ್ ನೋಡುವವರಲ್ಲ. ಕೇಳಿದ್ದರಲ್ಲಿ ಏನೇನು ಬಂತು, ಬಾರದೆ ಉಳಿದದ್ದನ್ನು ಯಾರು ಯಾವಾಗ ಮಾಡುತ್ತಾರೆ, ಮುಂದಿನ ಸಲ ಹಣ ಕೊಡುವ ಮೊದಲು ಏನನ್ನು ನೋಡಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅವರು ಸಹಿ ಹಾಕುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 12 ಶಾಖೆಗಳ ಒಂದು ಪತ್ತಿನ ಸಹಕಾರ ಸಂಘ ಸದಸ್ಯರಿಗಾಗಿ ಮೊಬೈಲ್ ಆ್ಯಪ್ ಮಾಡಿಸಿದೆ. ಸಂಘದ ಮುಖ್ಯ ಕಾರ್ಯನಿರ್ವಾಹಕರೇ ಸ್ಪಾನ್ಸರ್. ಜಿರಾದಲ್ಲಿ ಪ್ರಾಜೆಕ್ಟ್‌ನ ಕೀ PATTU.

ಮೊದಲು ಎಣಿಕೆ ಸರಿಮಾಡಿ

ಬಹಳಷ್ಟು ರಿಪೋರ್ಟ್‌ಗಳು ಎಡವುವುದು ಇಲ್ಲೇ. ಜಿರಾದಲ್ಲಿ `statusCategory = Done` ಎಂದು ಹುಡುಕಿದರೆ ಈ ಪ್ರಾಜೆಕ್ಟ್‌ನಲ್ಲಿ 144 ಟಿಕೆಟ್ ಸಿಗುತ್ತವೆ. ಆ ಸಂಖ್ಯೆಯನ್ನು ಹಾಗೆಯೇ ಬರೆದರೆ ತಪ್ಪು. ಅದರಲ್ಲಿ 34 ಸಬ್‌ಟಾಸ್ಕ್‌ಗಳಿವೆ, ಅವು ದೊಡ್ಡ ಟಿಕೆಟ್‌ಗಳ ತುಂಡುಗಳು. 5 ಎಪಿಕ್‌ಗಳಿವೆ, ಅವು ಬರೀ ಗುಂಪಿನ ತಲೆಬರಹ. ಇನ್ನು 8 ಟಿಕೆಟ್‌ಗಳನ್ನು ಮಾಡುವುದೇ ಬೇಡವೆಂದೋ, ಬೇರೆ ಟಿಕೆಟ್‌ನ ನಕಲೆಂದೋ ಮುಚ್ಚಲಾಗಿದೆ. ಇವೆಲ್ಲದರ ಸ್ಟೇಟಸ್ Done ಎಂದೇ ಇರುತ್ತದೆ, ಏಕೆ ಮುಚ್ಚಿದರು ಎಂಬುದು ಮಾತ್ರ Resolution ಎಂಬ ಬೇರೆ ಕಲಂನಲ್ಲಿರುತ್ತದೆ. ಆದ್ದರಿಂದ ಹೀಗೆ ಹುಡುಕಿ:

```
project = PATTU AND statusCategory = Done
AND resolution = Done
AND issuetype in standardIssueTypes()
AND issuetype != Epic
AND fixVersion in releasedVersions()
```

ಕೊನೆಯ ಸಾಲು ಬಿಡಬೇಡಿ, ಬಿಡುಗಡೆಯಾದ ಆವೃತ್ತಿಗೆ ಸೇರಿದ ಟಿಕೆಟ್‌ಗಳನ್ನಷ್ಟೇ ಅದು ಆರಿಸುತ್ತದೆ. ಕೋಡ್ ಬರೆದು, ಪರೀಕ್ಷೆ ಮುಗಿಸಿ Done ಕಾಲಮ್ಮಿಗೆ ಎಳೆದ ಟಿಕೆಟ್ ಇನ್ನೂ ಸದಸ್ಯರ ಫೋನಿಗೆ ಹೋಗಿಲ್ಲದಿದ್ದರೆ ಅದನ್ನು ಕೊಟ್ಟಿದ್ದೇವೆ ಎನ್ನುವಂತಿಲ್ಲ. ನಿಮ್ಮಲ್ಲಿ Resolution ಹೆಸರು Fixed ಎಂದಿದ್ದರೆ ಅದನ್ನೇ ಹಾಕಿ. ಇಲ್ಲಿ ಉತ್ತರ 97 ಎಂದು ಬರುತ್ತದೆ.

ಈಗ ತಾಳೆ ನೋಡಬೇಕು. ಆರಂಭದಲ್ಲಿ ಒಪ್ಪಿದ್ದು 96 ಟಿಕೆಟ್. ನಡುವೆ ಬದಲಾವಣೆ ಕೋರಿಕೆಗಳಿಂದ ಸೇರಿದ್ದು 22. ಒಟ್ಟು 118. ಇದರಲ್ಲಿ ಕೊಟ್ಟಿದ್ದು 97, ಮುಂದೂಡಿದ್ದು 13, ಕೈಬಿಟ್ಟಿದ್ದು 8. ಎರಡೂ ಕಡೆ 118 ಬಂದರೆ ಮುಂದಕ್ಕೆ ಹೋಗಿ. ಬಾರದಿದ್ದರೆ ಯಾವುದೋ ಟಿಕೆಟ್ ಎಲ್ಲೂ ಸೇರದೆ ಉಳಿದಿದೆ. ಸಾಮಾನ್ಯವಾಗಿ ಅದು fixVersion ತುಂಬದೆ ಮುಚ್ಚಿದ ಟಿಕೆಟ್ ಆಗಿರುತ್ತದೆ. ಈ ಒಂದು ಸಣ್ಣ ಕೋಷ್ಟಕ ಮೊದಲ ಪುಟದಲ್ಲೇ ಇರಲಿ. 22 ಹೊಸದಾಗಿ ಸೇರಿದವು ಎಂಬ ಸಾಲು ಮುಖ್ಯ: ದಿನಾಂಕ ಏಕೆ ಮುಂದೆ ಹೋಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಕೊಟ್ಟಿದ್ದನ್ನು ಸ್ಪಾನ್ಸರ್ ಭಾಷೆಯಲ್ಲಿ ಬರೆಯಿರಿ

97 ಟಿಕೆಟ್‌ಗಳ ಪಟ್ಟಿ ಅನುಬಂಧಕ್ಕೆ ಹೋಗಲಿ. ಮುಖ್ಯ ಭಾಗದಲ್ಲಿ ಅವನ್ನು ಆರೇಳು ಕೆಲಸಗಳಾಗಿ ಕೂಡಿಸಿ, ಪ್ರತಿಯೊಂದರ ಎದುರು ಟಿಕೆಟ್ ಸಂಖ್ಯೆಗಳನ್ನು ಕೊಡಿ. ಟಿಕೆಟ್‌ನ ತಲೆಬರಹ "ರಸೀದಿ ಎಪಿಐ ಟೈಮೌಟ್ ಸರಿಪಡಿಸುವುದು" ಎಂದಿರಬಹುದು. ರಿಪೋರ್ಟ್‌ನಲ್ಲಿ ಅದು "ಸದಸ್ಯರು ಸಾಲದ ಕಂತು ಕಟ್ಟಿದ ಕೂಡಲೇ ರಸೀದಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ, 12 ಶಾಖೆಗಳಲ್ಲೂ ಚಾಲ್ತಿಯಲ್ಲಿದೆ" ಎಂದಾಗಬೇಕು. ಎಷ್ಟು ಶಾಖೆಗಳಲ್ಲಿ ಎಂಬುದನ್ನು ಬಿಡದೆ ಹೇಳಿ. ಎರಡು ಶಾಖೆಗಳಲ್ಲಿ ಮಾತ್ರ ನಡೆಯುತ್ತಿದ್ದರೆ ಉಳಿದ ಹತ್ತು ಶಾಖೆಗಳ ಕೆಲಸ ಮುಂದೂಡಿದ ಪಟ್ಟಿಗೆ ಸೇರಬೇಕು.

ಮುಂದೂಡಿದ್ದಕ್ಕೆ ವಾರಸುದಾರರು ಬೇಕು

ಸ್ಪಾನ್ಸರ್ ಅತಿ ಹೆಚ್ಚು ಹೊತ್ತು ನಿಲ್ಲುವುದು ಈ ಭಾಗದಲ್ಲಿ. "ಎರಡನೇ ಹಂತದಲ್ಲಿ ಮಾಡಲಾಗುವುದು" ಎಂಬ ಸಾಲು ಬರೆಯಲೇಬೇಡಿ. ಎರಡನೇ ಹಂತಕ್ಕೆ ಹಣ ಇನ್ನೂ ಮಂಜೂರೇ ಆಗಿಲ್ಲ. 13ರಲ್ಲಿ ಒಂದನ್ನು ಪೂರ್ತಿ ಬರೆದರೆ ಹೀಗಿರುತ್ತದೆ:

"ಪಾಸ್‌ಬುಕ್‌ನಲ್ಲಿ ಕನ್ನಡ ಮುದ್ರಣ. ಶಾಖೆಗಳಲ್ಲಿರುವ ಪಾಸ್‌ಬುಕ್ ಪ್ರಿಂಟರ್‌ಗಳು ತಮ್ಮೊಳಗಿನ ಇಂಗ್ಲಿಷ್ ಅಕ್ಷರಗಳನ್ನು ಬಳಸಿ ಮುದ್ರಿಸುತ್ತವೆ. ಕನ್ನಡವನ್ನು ಚಿತ್ರವಾಗಿ ಕಳಿಸಬೇಕು, ಆಗ ಮುದ್ರಣ ನಿಧಾನವಾಗಿ ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ. ಅಲ್ಲಿಯವರೆಗೆ: ಪಾಸ್‌ಬುಕ್ ಇಂಗ್ಲಿಷ್‌ನಲ್ಲಿ, ಆ್ಯಪ್‌ನ ಖಾತೆ ವಿವರ ಕನ್ನಡದಲ್ಲಿ. ಹೊಣೆ: ಸಂಘದ ಐಟಿ ವಿಭಾಗದ ಮುಖ್ಯಸ್ಥರು. ತೀರ್ಮಾನ ಬೇಕಾದದ್ದು: ಪ್ರಿಂಟರ್ ಬದಲಿಸುವುದೋ, ನಿಧಾನವನ್ನು ಒಪ್ಪುವುದೋ. ಮುಂದಿನ ಆಡಳಿತ ಮಂಡಳಿ ಸಭೆಯೊಳಗೆ."

ಏನು, ಏಕೆ, ಅಲ್ಲಿಯವರೆಗೆ ಹೇಗೆ, ಯಾರು, ಯಾವಾಗ. ಹಣ ಬೇಕಾದರೆ ಅಂದಾಜು ಮೊತ್ತವೂ ಅಲ್ಲೇ ಬರಲಿ. ಹೊಣೆ ಹೊರುವವರು ಪ್ರಾಜೆಕ್ಟ್ ತಂಡದವರಾಗಿರಕೂಡದು, ಏಕೆಂದರೆ ಆ ತಂಡ ಮುಂದಿನ ತಿಂಗಳು ಇರುವುದಿಲ್ಲ. ಹೆಸರು ಬರೆಯುವ ಮೊದಲು ಅವರನ್ನು ಕೇಳಿ ಒಪ್ಪಿಸಿ. ಗೊತ್ತಿದ್ದೂ ಉಳಿದ ದೋಷಗಳು ಇದೇ ಪಟ್ಟಿಯಲ್ಲಿರಬೇಕು. ಸ್ಪಾನ್ಸರ್‌ಗೆ ಅವು ಮೊದಲು ತಿಳಿಯಬೇಕಾದದ್ದು ನಿಮ್ಮಿಂದ, ದೂರು ತರುವ ಸದಸ್ಯರಿಂದ ಅಲ್ಲ. ಈ 13 ಟಿಕೆಟ್‌ಗಳನ್ನು ಸಂಘದ ಐಟಿ ವಿಭಾಗ ಬಳಸುವ ಜಿರಾ ಪ್ರಾಜೆಕ್ಟ್‌ಗೆ ಸಾಗಿಸಿ. PATTUವನ್ನು ಆರ್ಕೈವ್ ಮಾಡಿದ ಮೇಲೆ ಅದರೊಳಗಿನ ಟಿಕೆಟ್‌ಗಳು ಹುಡುಕಾಟದಲ್ಲಿ ಸಿಗುವುದಿಲ್ಲ.

ಕಲಿತದ್ದು: ಮೂರು ಸಾಕು

"ಸಂವಹನ ಸುಧಾರಿಸಬೇಕು" ಎಂದು ಬರೆದರೆ ಅದನ್ನು ಓದಿ ಯಾರೂ ಏನೂ ಬದಲಿಸಲಾರರು. ಏನಾಯಿತು, ಯಾಕಾಯಿತು, ಎಷ್ಟು ಖರ್ಚಾಯಿತು, ಮುಂದೆ ಯಾವ ಹಂತದಲ್ಲಿ ಏನು ಮಾಡಬೇಕು ಎಂದು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಎಸ್ಸೆಮ್ಮೆಸ್ ಖರ್ಚು ಅಂದಾಜಿನ ಎರಡರಷ್ಟಾಯಿತು. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಮಿತಿ ಇದೆ, ಅಂದಾಜು ಮಾಡಿದ್ದು ಅದರ ಮೇಲೆ. ಕನ್ನಡ ಯೂನಿಕೋಡ್‌ನಲ್ಲಿ ಹೋಗುವುದರಿಂದ ಮಿತಿ 70, ಅದನ್ನು ದಾಟಿದರೆ ಪ್ರತಿ ತುಂಡಿಗೆ 67. ಜೊತೆಗೆ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ: ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ "ಲಕ್ಷ್ಮಿ" ಏಳು ಜಾಗ ತಿನ್ನುತ್ತದೆ. ನಮ್ಮ ರಸೀದಿ ಸಂದೇಶ 130 ಆಯಿತು, ಅಂದರೆ ಒಂದು ರಸೀದಿಗೆ ಎರಡು ಸಂದೇಶದ ದರ. ವಾಕ್ಯ ತಿದ್ದಿ ಚಿಕ್ಕದು ಮಾಡೋಣವೆಂದರೆ ಟೆಲಿಕಾಂ ಕಂಪನಿಗಳ ಎಸ್ಸೆಮ್ಮೆಸ್ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಟೆಂಪ್ಲೇಟನ್ನು ಮತ್ತೆ ನೋಂದಾಯಿಸಬೇಕಾಯಿತು. ಆದ್ದರಿಂದ ಪಾಠ ಇಷ್ಟು: ಬಜೆಟ್ ಹಾಕುವ ಮೊದಲೇ ಕನ್ನಡ ಸಂದೇಶದ ಕೊನೆಯ ರೂಪ ಬರೆದು, ಎಣಿಸಿ, ನೋಂದಣಿಗೆ ಕಳಿಸಬೇಕು. ಇಲ್ಲಿ ಯಾರ ಹೆಸರೂ ಬರಬಾರದು. ಹೆಸರು ಬಂದರೆ ಮುಂದಿನ ಪ್ರಾಜೆಕ್ಟ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ತಂಡ ಚದುರುವ ಮೊದಲೇ ಎಲ್ಲರನ್ನೂ ಒಂದು ಗಂಟೆ ಕೂರಿಸಿ ಇವನ್ನು ಬರೆದುಕೊಳ್ಳಿ.

ಕಳಿಸುವಾಗ

ಮೊದಲ ಪುಟದಲ್ಲಿ ತಾಳೆಯ ಕೋಷ್ಟಕ, ಮಂಜೂರಾದ ಮತ್ತು ಖರ್ಚಾದ ಹಣ, ಸ್ಪಾನ್ಸರ್ ತೀರ್ಮಾನಿಸಬೇಕಾದ ವಿಷಯಗಳು, ಸಹಿಯ ಜಾಗ. ಒಟ್ಟು ನಾಲ್ಕೈದು ಪುಟ ಮೀರದಿರಲಿ. ಜಿರಾ ಫಿಲ್ಟರ್‌ನ ಲಿಂಕ್ ಮಾತ್ರ ಕೊಟ್ಟು ಸುಮ್ಮನಾಗಬೇಡಿ: ನಾಳೆ ಯಾರಾದರೂ ಒಂದು ಟಿಕೆಟ್ ಮತ್ತೆ ತೆರೆದರೆ 97 ಹೋಗಿ 96 ಆಗುತ್ತದೆ, ಸಹಿ ಹಾಕಿದ ಕಾಗದಕ್ಕೂ ಪರದೆಗೂ ಹೊಂದಿಕೆ ತಪ್ಪುತ್ತದೆ. ಸಹಿಯ ದಿನವೇ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿ, ಕಡತದ ಹೆಸರಿನಲ್ಲಿ ದಿನಾಂಕ ಹಾಕಿ, ರಿಪೋರ್ಟ್‌ಗೆ ಲಗತ್ತಿಸಿ.