ರೈಲು ಹಿಂದೆ, ಕಾರು ಮುಂದೆ: ಒಂದು ಫೋಟೊ ಲೆಕ್ಕ ಮತ್ತು ಪ್ಲಸ್-ಮೈನಸ್ ಜಗಳ

ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಲೆಕ್ಕದ ಫೋಟೊ ಬರುವುದು ಮಾಮೂಲು. ಅರ್ಧ ಫೋಟೊ ಓರೆಯಾಗಿರುತ್ತದೆ, ಉಳಿದರ್ಧದಲ್ಲಿ ಟ್ಯೂಬ್‌ಲೈಟಿನ ಬೆಳಕು ಹೊಳೆಯುತ್ತಿರುತ್ತದೆ. ಮೊನ್ನೆ ಬಂದ ಡಾಪ್ಲರ್ ಪರಿಣಾಮದ ಲೆಕ್ಕವೂ ಹಾಗೇ ಇತ್ತು. ಶಬ್ದ ಮಾಡುವವನೋ ಕೇಳುವವನೋ ಓಡುತ್ತಿದ್ದರೆ ಕೇಳುವ ಆವೃತ್ತಿ ಬದಲಾಗುತ್ತದಲ್ಲ, ಅದರ ಲೆಕ್ಕ.

ಚಿತ್ರದಲ್ಲಿ ಎಡಗಡೆ ಒಂದು ರೈಲು, ಬಲಗಡೆ ಒಂದು ಕಾರು. ರೈಲಿನ ಮೇಲೆ ಬಲಕ್ಕೆ ಬಾಣ, 72 km/h. ಹಾರ್ನ್ 480 Hz. ಕಾರಿನ ಮೇಲೆ 36 km/h ಅಂತ ಇದೆ. ಅದರ ಬಾಣದ ತುದಿ ಮಾತ್ರ ಬೆಳಕಿನಲ್ಲಿ ಮುಳುಗಿ ಹೋಗಿತ್ತು. ಪ್ರಶ್ನೆಯ ಕೊನೆಯ ಸಾಲೂ ಕತ್ತರಿಸಿ ಹೋಗಿತ್ತು. ಗಾಳಿಯಲ್ಲಿ ಶಬ್ದದ ವೇಗ 340 m/s, ಕಾರಿನವನಿಗೆ ಕೇಳುವ ಆವೃತ್ತಿ ಎಷ್ಟು? ಆಪ್ಷನ್‌ಗಳು ನಾಲ್ಕು: 525, 495, 466.67, 440.

ಕೈಯಲ್ಲಿ ಊಟದ ಬಟ್ಟಲು ಇತ್ತು. ರೈಲು, ಕಾರು ಎದುರುಬದುರು ಬರುತ್ತಿವೆ ಅಂದುಕೊಂಡು ಬಾಯಿಲೆಕ್ಕ ಮಾಡಿ 525 ಅಂತ ಕಳಿಸಿಬಿಟ್ಟೆ. ಎರಡೇ ನಿಮಿಷದಲ್ಲಿ ಫೋಟೊ ಕಳಿಸಿದ ಹುಡುಗಿಯಿಂದ ಉತ್ತರ ಬಂತು: "ಸರ್, ನನಗೆ 466.67 ಬಂತು. ಆನ್ಸರ್ ಕೀಯಲ್ಲಿ 495 ಉಂಟು. ಎಂತ ಸರ್ ಇದು?"

ಒಂದೇ ಲೆಕ್ಕಕ್ಕೆ ಮೂರು ಉತ್ತರ. ಇನ್ನೊಂದು ಫೋಟೊ ಕಳಿಸಲು ಹೇಳಿದೆ, ಲೈಟಿನ ಕೆಳಗೆ ಬೇಡ, ಪುಸ್ತಕವನ್ನು ಸ್ವಲ್ಪ ಓರೆ ಹಿಡಿ ಅಂತ. ಅದರಲ್ಲಿ ಕಾರಿನ ಬಾಣವೂ ಬಲಕ್ಕೇ ಇತ್ತು. ಕೊನೆಯ ಸಾಲು ಕೂಡ ಕಂಡಿತು: ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆ, ಕಾರು ಮುಂದೆ ಇದೆ. ಅಲ್ಲಿಗೆ ನನ್ನ 525 ಹೋಯಿತು. ಅದು ಕಾರು ತಿರುಗಿ ರೈಲಿನ ಕಡೆಗೆ ಬರುತ್ತಿದ್ದರೆ ಸರಿಯಾಗುವ ಉತ್ತರ. ಈಗ ಅವಳ 466.67 ಎಲ್ಲಿಂದ ಬಂತು ಅಂತ ನೋಡಬೇಕಿತ್ತು. ಅವಳ ತಪ್ಪು ನನ್ನದಕ್ಕಿಂತ ಎಷ್ಟೋ ಸ್ವಾರಸ್ಯದ್ದು.

ನೋಟಿನ ಪುಟ ಕಳಿಸು ಅಂದೆ. ಮೇಲೆ ಸೂತ್ರ ಬರೆದಿದ್ದಳು, ಕಾಲೇಜಿನ ಪುಸ್ತಕದ್ದು:

```
f' = f (v + vo) / (v + vs)
```

ಇಲ್ಲಿ `f` ಹಾರ್ನಿನ ಆವೃತ್ತಿ, `f'` ಕೇಳುವ ಆವೃತ್ತಿ, `v` ಶಬ್ದದ ವೇಗ, `vo` ಕೇಳುವವನ ವೇಗ, `vs` ಶಬ್ದ ಮಾಡುವ ವಸ್ತುವಿನ ವೇಗ. ಅದರ ಕೆಳಗೆ "ಶಬ್ದ ಹೋಗುವ ದಿಕ್ಕು ಪ್ಲಸ್" ಅಂತ ಬರೆದಿದ್ದಳು. ಶಬ್ದ ರೈಲಿನಿಂದ ಕಾರಿಗೆ ಹೋಗುತ್ತದೆ, ಅಂದರೆ ಬಲಕ್ಕೆ. ಎರಡೂ ಬಲಕ್ಕೆ ಹೋಗುತ್ತಿವೆ, ಹಾಗಾಗಿ ಎರಡೂ ಪ್ಲಸ್. ಕಾರಿನ 36 km/h ಅಂದರೆ 10 m/s, ರೈಲಿನ 72 km/h ಅಂದರೆ 20 m/s. 480 × 350 / 360, ಅಂದರೆ 466.67. ಗುಣಾಕಾರ, ಭಾಗಾಕಾರ ಎಲ್ಲ ಸರಿ.

ಎಡವಟ್ಟು ಇದ್ದದ್ದು ಬೇರೆ ಕಡೆ. ಸೂತ್ರ ಒಂದು ಪುಸ್ತಕದ್ದು, ಪ್ಲಸ್-ಮೈನಸ್ ನಿಯಮ ಇನ್ನೊಂದು ಪುಸ್ತಕದ್ದು. ಮೇಲೆ ಕೆಳಗೆ ಎರಡೂ ಕಡೆ ಪ್ಲಸ್ ಇರುವ ಸೂತ್ರ ಹುಟ್ಟಿದ್ದೇ ಕೇಳುವವನಿಂದ ಶಬ್ದ ಮಾಡುವ ವಸ್ತುವಿನ ಕಡೆಗೆ ಹೋಗುವ ದಿಕ್ಕನ್ನು ಪ್ಲಸ್ ಅಂತ ಇಟ್ಟುಕೊಂಡು. ಅವಳ ಎಂಟ್ರೆನ್ಸ್ ಗೈಡಿನಲ್ಲಿ ಶಬ್ದ ಸಾಗುವ ದಿಕ್ಕೇ ಪ್ಲಸ್. ಅದಕ್ಕೆ ತಕ್ಕ ಸೂತ್ರದಲ್ಲಿ ಎರಡೂ ಕಡೆ ಮೈನಸ್ ಇರುತ್ತದೆ:

```
f' = f (v - vo) / (v - vs)
```

ಎರಡರಲ್ಲಿ ಯಾವುದೂ ತಪ್ಪಲ್ಲ. ಮೊದಲನೆಯ ನಿಯಮದಲ್ಲಿ ಕಾರಿನಿಂದ ರೈಲಿನ ಕಡೆಗೆ, ಅಂದರೆ ಎಡಕ್ಕೆ, ಪ್ಲಸ್. ಬಲಕ್ಕೆ ಹೋಗುವ ಎರಡಕ್ಕೂ ಮೈನಸ್ ಬೆಲೆ: −10 ಮತ್ತು −20. ಪ್ಲಸ್ ಸೂತ್ರಕ್ಕೆ ಹಾಕಿದರೆ 330 / 320. ಎರಡನೆಯ ನಿಯಮದಲ್ಲಿ ಎರಡಕ್ಕೂ ಪ್ಲಸ್ ಬೆಲೆ, ಸೂತ್ರದಲ್ಲಿ ಮೈನಸ್. ಮತ್ತೆ 330 / 320. ಎರಡು ದಾರಿಯಲ್ಲೂ 480 × 330 / 320 = 495 Hz. ಕೀ ಹೇಳಿದ್ದೂ ಅದನ್ನೇ.

ಬೆರಕೆ ಮಾಡಿದರೆ ಎರಡೂ ಚಿಹ್ನೆ ಒಟ್ಟಿಗೆ ತಿರುಗಿಬಿಡುತ್ತವೆ. ಹಾಗಾಗಿ ಬರುವ ಉತ್ತರ ಸುಮ್ನೆ ಯಾವುದೋ ಸಂಖ್ಯೆ ಅಲ್ಲ, ಇನ್ನೊಂದು ಸನ್ನಿವೇಶದ ಸರಿಯಾದ ಉತ್ತರ. 466.67 ಅಂದರೆ ರೈಲು ಕಾರನ್ನು ದಾಟಿ ಮುಂದೆ ಹೋದ ಮೇಲೆ ಕೇಳುವ ಹಾರ್ನ್. ಆಗ ರೈಲು ಕಾರಿನಿಂದ ದೂರ ಓಡುತ್ತದೆ, ಕಾರು ಅದರ ಬೆನ್ನು ಹತ್ತುತ್ತದೆ. ಪ್ರಶ್ನೆ ಬರೆದವರು ಅದನ್ನೇ ಆಪ್ಷನ್‌ನಲ್ಲಿ ಇಟ್ಟಿದ್ದರು. ಪಕ್ಕಾ ಕಿಲಾಡಿಗಳು.

"ಹಾಗಾದ್ರೆ ಯಾವ ನಿಯಮ ಇಟ್ಕೊಳ್ಳಲಿ ಸರ್?" ಅಂತ ಕೇಳಿದಳು. ಯಾವುದಾದರೂ ಒಂದನ್ನು ಇಟ್ಟುಕೋ ಅಂದೆ. ಆದರೆ ನಾನು ಲೆಕ್ಕ ಮಾಡುವಾಗ ಎರಡನ್ನೂ ನಂಬುವುದಿಲ್ಲ. ಮಾರನೆಯ ದಿನ ಜಗಲಿಯಲ್ಲಿ ಅವಳಿಗೆ ತೋರಿಸಿದ್ದು ನಾನು ನಿಜಕ್ಕೂ ಮಾಡುವ ಕ್ರಮ.

ಮೊದಲು ಕಾರನ್ನು ಮರೆತು ರೈಲನ್ನು ಮಾತ್ರ ನೋಡುತ್ತೇನೆ. ಹಾರ್ನ್ ಒಂದು ಸೆಕೆಂಡಿಗೆ 480 ಅಲೆ ಬಿಡುತ್ತದೆ. ರೈಲು ನಿಂತಿದ್ದರೆ ಆ 480 ಅಲೆಗಳು 340 ಮೀಟರಿನಲ್ಲಿ ಹರಡಿಕೊಳ್ಳುತ್ತವೆ. ಒಂದು ಅಲೆಗೂ ಮುಂದಿನದಕ್ಕೂ ನಡುವೆ ಸುಮಾರು 71 ಸೆಂಟಿಮೀಟರ್. ಈಗ ರೈಲು ತಾನೇ ಬಿಟ್ಟ ಅಲೆಯ ಹಿಂದೆ ಓಡುತ್ತಿದೆ. ಒಂದು ಸೆಕೆಂಡಿನಲ್ಲಿ ಮೊದಲ ಅಲೆ 340 ಮೀಟರ್ ಹೋಗಿದೆ, ರೈಲು 20 ಮೀಟರ್ ಬಂದಿದೆ. 480 ಅಲೆಗಳಿಗೆ ಸಿಕ್ಕಿದ ಜಾಗ 320 ಮೀಟರ್ ಮಾತ್ರ. ಅಲೆಗಳು ಒತ್ತೊತ್ತಾಗಿ ನಿಂತವು, ನಡುವಿನ ಅಂತರ 67 ಸೆಂಟಿಮೀಟರಿಗೆ ಇಳಿಯಿತು. ರೈಲಿನ ಕೆಲಸ ಇಷ್ಟೇ. ಅದು ಅಲೆಗಳ ನಡುವಿನ ಅಂತರವನ್ನು, ಅಂದರೆ ತರಂಗದೂರವನ್ನು, ಬದಲಿಸುತ್ತದೆ. ಹಾರ್ನ್ ಬಿಟ್ಟ ಮೇಲೆ ಶಬ್ದ ಗಾಳಿಯಲ್ಲಿ ಹೋಗುವ ವೇಗಕ್ಕೂ ರೈಲಿಗೂ ಸಂಬಂಧ ಇಲ್ಲ.

ಆಮೇಲೆ ಕಾರು. ಅದು ಗಾಳಿಯಲ್ಲಿರುವ ಅಲೆಗಳನ್ನು ಏನೂ ಮಾಡುವುದಿಲ್ಲ. ಹಿಂದಿನಿಂದ ಬರುವ ಅಲೆ ಕಾರನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ. ಕಾರು ತಪ್ಪಿಸಿಕೊಂಡು ಹೋಗುತ್ತಿರುವುದರಿಂದ ಅಲೆಗಳು ಅದನ್ನು 330 m/s ವೇಗದಲ್ಲಿ ಹಿಡಿಯುತ್ತವೆ. ಆ 330 ಮೀಟರಿನೊಳಗೆ ಇರುವ ಅಲೆಗಳ ಲೆಕ್ಕವೇ ಉತ್ತರ: 495. ಸೂತ್ರದಲ್ಲಿ ಕೇಳುವವನು ಮೇಲೆ, ಶಬ್ದ ಮಾಡುವವನು ಕೆಳಗೆ ಯಾಕೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ ಅಲ್ವಾ?

ಹೀಗೆ ನೋಡಿದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ, ಇಬ್ಬರಿಗೂ ಬೇರೆಬೇರೆಯಾಗಿ. ಇವನು ಅವನ ಕಡೆಗೆ ಹೋಗುತ್ತಿದ್ದಾನೋ, ಅವನಿಂದ ದೂರ ಹೋಗುತ್ತಿದ್ದಾನೋ? ಮಕ್ಕಳು ಇದರ ಬದಲು "ನಡುವಿನ ದೂರ ಕಡಿಮೆ ಆಗುತ್ತಿದೆಯಾ?" ಅಂತ ಕೇಳಿಕೊಂಡು ಇಬ್ಬರಿಗೂ ಅದೇ ಉತ್ತರ ಅಂಟಿಸುತ್ತಾರೆ. ಈ ಲೆಕ್ಕದಲ್ಲಿ ದೂರ ಕಡಿಮೆ ಆಗುತ್ತಿದೆ, ನಿಜ. ಆದರೆ ಕಾರು ರೈಲಿನ ಹತ್ತಿರ ಬರುತ್ತಿಲ್ಲ, ಓಡಿಹೋಗುತ್ತಿದೆ. ಎರಡನ್ನೂ ಹತ್ತಿರ ಬರುವವರು ಅಂತ ತಿಳಿದರೆ 350 / 320, ಮತ್ತೆ ಅದೇ 525. ಬಾಣ ಸರಿಯಾಗಿ ಕಂಡಿದ್ದರೂ ಆ ತಪ್ಪಿಗೆ ಬೀಳಬಹುದು.

ಇನ್ನೊಂದು ಅಡ್ಡದಾರಿ ಉಂಟು. "ಸರ್, 20 ರಲ್ಲಿ 10 ಕಳೆದು ರೈಲು 10 ರಲ್ಲಿ ಬರ್ತಾ ಉಂಟು, ಕಾರು ನಿಂತಿದೆ ಅಂತ ಮಾಡಬಹುದಲ್ಲ?" ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಮಾಡಿ ನೋಡಿದರೆ 480 × 340 / 330, ಸುಮಾರು 494.5. ಹತ್ತಿರಹತ್ತಿರ ಸರಿ ಬಂದ ಕಾರಣ ಈ ತಪ್ಪು ಬಹಳ ದಿನ ಸಿಕ್ಕಿಬೀಳುವುದಿಲ್ಲ. ಶಬ್ದಕ್ಕೆ ಗಾಳಿ ಬೇಕು. ಇಬ್ಬರ ವೇಗವನ್ನೂ ಆ ಗಾಳಿಗೆ ಹೋಲಿಸಿಯೇ ಅಳೆಯಬೇಕು. ಇಲ್ಲಿ ಕಾರನ್ನು ನಿಲ್ಲಿಸಿದವರು ಗಾಳಿಯನ್ನು ಓಡಿಸಲು ಮರೆತಿದ್ದಾರೆ.

ಬರೆದ ಮೇಲೆ ನಾನು ಎರಡು ಪರೀಕ್ಷೆ ಮಾಡುತ್ತೇನೆ, ಎರಡೂ ಬೇಕು. ಒಂದು, ಇಬ್ಬರಿಗೂ ಒಂದೇ ವೇಗ ಕೊಡುವುದು. ಕಾರೂ 20 ರಲ್ಲಿ ಹೋದರೆ ಹಾರ್ನ್ 480 ಆಗಿಯೇ ಕೇಳಬೇಕು. 320 / 320, ಸರಿ. ನನ್ನ 525 ರ ಚಿಹ್ನೆಗಳಿಗೆ ಇದನ್ನು ಹಾಕಿದರೆ 360 / 320 ಬರುತ್ತದೆ, ಸಿಕ್ಕಿಬಿದ್ದೆ. ಆದರೆ ಅವಳ ಬೆರಕೆ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ, ಯಾಕೆಂದರೆ 360 / 360 ಕೂಡ ಒಂದೇ ಅಲ್ವಾ. ಅದಕ್ಕೆ ಎರಡನೆಯದು: ಕಾರನ್ನು ನಿಲ್ಲಿಸಿ ನೋಡುವುದು. ರೈಲು ಹತ್ತಿರ ಬರುವಾಗ ಪಿಚ್ ಏರಬೇಕು. ಅವಳ ಚಿಹ್ನೆಗಳಲ್ಲಿ 340 / 360, ಇಳಿಯಿತು. ಅಲ್ಲಿ ತಪ್ಪು ಬಯಲಾಯಿತು.

ಈ ಪರಿಣಾಮವನ್ನು ಹೇಳಿಕೊಟ್ಟ ಕ್ರಿಶ್ಚಿಯನ್ ಡಾಪ್ಲರ್ 1842 ರಲ್ಲಿ ಬರೆದಾಗ ಅವರ ಕಣ್ಣಿದ್ದದ್ದು ನಕ್ಷತ್ರಗಳ ಬಣ್ಣದ ಮೇಲೆ. ಶಬ್ದದಲ್ಲಿ ಪರೀಕ್ಷೆ ಮಾಡಿದ್ದು ವಿಜ್ಞಾನಿ ಬೈಸ್ ಬ್ಯಾಲಟ್, 1845 ರಲ್ಲಿ, ಹಾಲೆಂಡಿನಲ್ಲಿ. ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸ್ವರ ಗುರುತಿಸಬಲ್ಲ ಸಂಗೀತಗಾರರನ್ನು ನಿಲ್ಲಿಸಿದ್ದರು. ಅಲ್ಲಿ ಕಿವಿಯೇ ಮೀಟರು. ನಮ್ಮ ಲೆಕ್ಕದಲ್ಲೂ 495 ರಿಂದ 466.67 ಕ್ಕೆ ಬಿದ್ದದ್ದು ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆ ಇಳಿದಷ್ಟು. ಭಜನೆಗೆ ಶ್ರುತಿ ಹಿಡಿಯುವ ಯಾರಿಗಾದರೂ ಕೇಳಿಸುತ್ತದೆ. ಆ ಹುಡುಗಿ ಸಂಗೀತ ಕಲಿಯುತ್ತಾಳೆ, ಹಾಗಾಗಿ ಸೂತ್ರಕ್ಕಿಂತ ಇದು ಅವಳಿಗೆ ಬೇಗ ಹಿಡಿಯಿತು.

ಹೊರಡುವಾಗ ಕೇಳಿದಳು: "ಸರ್, ಗಾಳಿ ಬೀಸಿದ್ರೆ?" ಗಾಳಿ ರೈಲಿನಿಂದ ಕಾರಿನ ಕಡೆಗೆ ಬೀಸಿದರೆ ಶಬ್ದವನ್ನೂ ಹೊತ್ತುಕೊಂಡು ಹೋಗುತ್ತದೆ, `v` ಗೆ ಅಷ್ಟು ಕೂಡಿಸಬೇಕು ಅಂದೆ. 10 m/s ಗಾಳಿ ಇದ್ದರೆ 480 × 340 / 330. ಓ, ಇದು ಆ ಅಡ್ಡದಾರಿಯ 494.5 ಅಲ್ವಾ ಅಂತ ಅವಳೇ ಹಿಡಿದಳು. ಹೌದು. ಗಾಳಿಯೂ ಕಾರಿನ ಜೊತೆ 10 ರಲ್ಲೇ ಓಡಿದಾಗ ಮಾತ್ರ ಆ ಅಡ್ಡದಾರಿ ಸರಿ. ಆದರೆ ನಮ್ಮೂರಿನ ಕಡಲ ಗಾಳಿಗೆ ಇದನ್ನು ಹಾಕಬೇಡ ಅಂದೆ. ಅದು ಬರುವುದು ಪಡುವಣದಿಂದ. ಕೊಂಕಣ ರೈಲಿನ ಹಳಿ ಇಲ್ಲಿ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಅಡ್ಡ ಬೀಸುವ ಗಾಳಿಯಿಂದ ಹಳಿಯ ಉದ್ದಕ್ಕೆ ಸಿಗುವುದು ಸೊನ್ನೆಯ ಹತ್ತಿರ.