ಅಂಗಡಿಯ ತೆರಿಗೆಗೆ ತೋಟದ ಲೆಕ್ಕವೂ ಬೇಕು: ಮಾರ್ಚ್ 15ರೊಳಗೆ ಮಾಡಬೇಕಾದ್ದು

ಗೋಣಿಕೊಪ್ಪದಲ್ಲಿ ದಿನಸಿ ಅಂಗಡಿ, ಊರಲ್ಲಿ ನಾಲ್ಕೈದು ಎಕರೆ ಕಾಫಿ ತೋಟ. ಕೊಡಗಿನಲ್ಲಿ ಇಂಥವರು ಬಹಳ. ‘ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ತೋಟದ ಆದಾಯಕ್ಕಂತೂ ಇಲ್ಲವೇ ಇಲ್ಲ’ ಎಂದು ಅವರು ನಿಶ್ಚಿಂತೆಯಿಂದ ಇರುತ್ತಾರೆ. ತಪ್ಪುವುದು ಅಲ್ಲೇ. 2025-26ರ ಲೆಕ್ಕವನ್ನೇ ಮಾಡಿ ನೋಡೋಣ.

ಮೊದಲು ಅಂಗಡಿ. ಸೆಕ್ಷನ್ 44ಎಡಿ ಪ್ರಕಾರ ವಹಿವಾಟು 2 ಕೋಟಿ ರೂಪಾಯಿ ದಾಟದಿದ್ದರೆ ಖರ್ಚಿನ ಪುಸ್ತಕ ಇಡಬೇಕಿಲ್ಲ. ನಗದಾಗಿ ಬಂದದ್ದರಲ್ಲಿ ಶೇ 8, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದದ್ದರಲ್ಲಿ ಶೇ 6 ಲಾಭವೆಂದು ತೋರಿಸಿದರೆ ಸಾಕು. ಕಮಿಷನ್ ಮೇಲೆ ಕಾಫಿ, ಮೆಣಸು ಮಾರಿಸಿಕೊಡುವವರಿಗೆ ಇದು ಸಿಗದು. ನಮ್ಮ ವ್ಯಾಪಾರಿಗೆ ನಗದು 60 ಲಕ್ಷ, ಬ್ಯಾಂಕಿಗೆ 1 ಕೋಟಿ ಬಂದಿದೆ ಎನ್ನಿ. ಲಾಭ 4.80 ಲಕ್ಷ ಮತ್ತು 6 ಲಕ್ಷ, ಒಟ್ಟು 10.80 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟಕ್ಕೇ ಆದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ.

ಈಗ ತೋಟ. ಚೆರ್ರಿ, ಪಾರ್ಚ್‌ಮೆಂಟ್ ಮಾರಿ, ಕೂಲಿ-ಗೊಬ್ಬರ ಕಳೆದು 5 ಲಕ್ಷ ಉಳಿದಿದೆ. ಇದು ಕೃಷಿ ಆದಾಯ, ನೇರವಾಗಿ ತೆರಿಗೆ ಬೀಳದು. ಆದರೆ ಅಂಗಡಿಯ ಆದಾಯಕ್ಕೆ ಯಾವ ದರ ಎಂದು ತೀರ್ಮಾನಿಸಲು ಇದನ್ನು ಸೇರಿಸುತ್ತಾರೆ. 15.80 ಲಕ್ಷಕ್ಕೆ ತೆರಿಗೆ 1,17,000. ಅದರಿಂದ, ಕೃಷಿಯ 5 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದ 9 ಲಕ್ಷದ ತೆರಿಗೆ 30,000 ಕಳೆಯಬೇಕು. ಉಳಿದ 87,000ಕ್ಕೆ ರಿಯಾಯಿತಿ ಹೆಚ್ಚೆಂದರೆ 60,000. ಮಿಕ್ಕಿದ 27,000ಕ್ಕೆ ಶೇ 4 ಸೆಸ್ ಸೇರಿ 28,080 ಕಟ್ಟಬೇಕು.

ಟಿಡಿಎಸ್ ಕಳೆದ ಮೇಲೂ ಬಾಕಿ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆ ಕಡ್ಡಾಯ. ಉಳಿದವರಿಗೆ ನಾಲ್ಕು ಕಂತು. 44ಎಡಿಯವರಿಗೆ ಒಂದೇ ಕಂತು, ಮಾರ್ಚ್ 15ರೊಳಗೆ. ರೊಬಸ್ಟಾ ಕೊಯ್ಲು ಮುಗಿಯುತ್ತಾ, ಮೆಣಸು ಇನ್ನೂ ಕಣದಲ್ಲಿರುವ ಹೊತ್ತು ಅದು. ಮಾರಿ ಮುಗಿಯದಿದ್ದರೂ ಅಂದಾಜು ಮಾಡಲೇಬೇಕು. ಸ್ವಲ್ಪ ಹೆಚ್ಚೇ ಅಂದಾಜಿಸುವುದು ಲೇಸು, ಹೆಚ್ಚಾದದ್ದು ರೀಫಂಡ್ ಆಗುತ್ತದೆ.

ಕಟ್ಟಲು ಆದಾಯ ತೆರಿಗೆ ಪೋರ್ಟಲ್‌ನ e-Pay Taxನಲ್ಲಿ ಮೌಲ್ಯಮಾಪನ ವರ್ಷ 2026-27, ವಿಧ Advance Tax (100) ಆರಿಸಿ. ವರ್ಷ ತಪ್ಪಿದರೆ ಹಣ ಬೇರೆ ಲೆಕ್ಕಕ್ಕೆ ಹೋಗುತ್ತದೆ.

ತಡವಾಗಿ, ಮಾರ್ಚ್ 31ರೊಳಗೆ ಕಟ್ಟಿದರೆ ಒಂದು ತಿಂಗಳ ಶೇ 1 ಬಡ್ಡಿ, ಅಂದರೆ 280 ರೂಪಾಯಿ. ಜುಲೈವರೆಗೆ ಬಿಟ್ಟರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ ಇನ್ನೂ 1,120 ಸೇರುತ್ತದೆ.

ರಿಟರ್ನ್ ಸಲ್ಲಿಸುವಾಗಲೂ ಎಚ್ಚರ ಬೇಕು. ಕೃಷಿ ಆದಾಯ 5,000 ದಾಟಿದವರು ಸುಲಭದ ITR-4 ಬಳಸುವಂತಿಲ್ಲ, ITR-3 ತುಂಬಬೇಕು.